ಒಂದು ಮಿಲಿಮೀಟರ್ ಗಾಳಿಯ ಲೆಕ್ಕ

ನಾನು ಈಗ ಪುಣೆಯಲ್ಲಿ ಕೋಡ್ ಬರೆಯೋನು. ಆದರೆ ಎಂಟೆಕ್ ಮಾಡಿದ್ದು ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ. ಇವತ್ತು ಆ ಕಾಲದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಲ್ಯಾಬ್‌ನಲ್ಲಿ ಒಂದು ಸಣ್ಣ ಕನ್ವರ್ಟರ್ ಕಟ್ಟಬೇಕಿತ್ತು. ಅದಕ್ಕೆ 5 ಆಂಪಿಯರ್ ತಡೆಯುವ, ಸುಮಾರು 200 ಮೈಕ್ರೋಹೆನ್ರಿಯ ಇಂಡಕ್ಟರ್ ಬೇಕು. ನಾನು ಯು ಆಕಾರದ ಎರಡು ಫೆರೈಟ್ ತುಂಡು ತಗೊಂಡು, 40 ಸುತ್ತು ತಂತಿ ಸುತ್ತಿ, ಎರಡನ್ನೂ ಬಿಗಿಯಾಗಿ ಜೋಡಿಸಿದೆ. ಮೀಟರ್‌ನಲ್ಲಿ ಅಳೆದರೆ 4 ಮಿಲಿಹೆನ್ರಿ! ಬೇಕಾದ್ದಕ್ಕಿಂತ 20 ಪಟ್ಟು ಜಾಸ್ತಿ. ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಅಂದ್ಕೊಂಡು ಲೋಡ್ ಹಾಕಿದೆ. ಟಪ್ ಅಂತ ಶಬ್ದ ಬಂತು, ಮಾಸ್ಫೆಟ್ ಸುಟ್ಟುಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು.

ಯಾಕೆ ಅಂತ ತಿಳಿಯೋಕೆ ಮ್ಯಾಗ್ನೆಟಿಕ್ ಸರ್ಕ್ಯೂಟ್ ಅರ್ಥ ಆಗಬೇಕು. ಇದು ನಮಗೆಲ್ಲ ಗೊತ್ತಿರೋ ಓಮ್ಸ್ ಲಾ ಥರಾನೇ ಇದೆ. ಬ್ಯಾಟರಿಯ ವೋಲ್ಟೇಜ್ ಕರೆಂಟನ್ನು ತಳ್ಳುತ್ತೆ, ರೆಸಿಸ್ಟೆನ್ಸ್ ಅದನ್ನು ತಡೆಯುತ್ತೆ. ಇಲ್ಲಿ ತಳ್ಳುವುದು ಸುರುಳಿ. ಸುತ್ತುಗಳ ಸಂಖ್ಯೆಯನ್ನು ಆಂಪಿಯರ್‌ನಿಂದ ಗುಣಿಸಿದರೆ ಬರೋದು ಆಂಪಿಯರ್-ಟರ್ನ್. ಹರಿಯುವುದು ಫ್ಲಕ್ಸ್. ತಡೆಯುವುದಕ್ಕೆ ರಿಲಕ್ಟೆನ್ಸ್ ಅಂತ ಹೆಸರು. ಈ ಪದ ಕೊಟ್ಟದ್ದು 1888ರಲ್ಲಿ ಆಲಿವರ್ ಹೆವಿಸೈಡ್. ಎರಡೇ ಸೂತ್ರ ಸಾಕು:

```
Φ = N·I / R
R = l / (μ0·μr·A)
```

`l` ಅಂದ್ರೆ ಫ್ಲಕ್ಸ್ ಸಾಗುವ ದಾರಿಯ ಉದ್ದ, `A` ಅಡ್ಡಕೊಯ್ತದ ವಿಸ್ತೀರ್ಣ. `μ0` ಅನ್ನೋದು 4π × 10⁻⁷. `μr` ಅಂದ್ರೆ ಆ ವಸ್ತು ಗಾಳಿಗಿಂತ ಎಷ್ಟು ಪಟ್ಟು ಸಲೀಸಾಗಿ ಫ್ಲಕ್ಸನ್ನು ಬಿಡುತ್ತೆ ಅನ್ನೋದು. ನನ್ನ ಫೆರೈಟ್‌ಗೆ ಅದು 2000, ಗಾಳಿಗೆ 1.

ಈಗ ನನ್ನ ಕೋರ್ ಲೆಕ್ಕ ಮಾಡೋಣ. ದಾರಿಯ ಉದ್ದ 10 ಸೆಂ.ಮೀ., ವಿಸ್ತೀರ್ಣ 1 ಚದರ ಸೆಂ.ಮೀ. ಮೀಟರಿಗೆ ಬದಲಾಯಿಸಿ ಸೂತ್ರಕ್ಕೆ ಹಾಕಿದರೆ ರಿಲಕ್ಟೆನ್ಸ್ ಸುಮಾರು 4 ಲಕ್ಷ ಬರುತ್ತೆ. ಇದರ ಯೂನಿಟ್ ವೆಬರ್‌ಗೆ ಆಂಪಿಯರ್-ಟರ್ನ್. ತಳ್ಳುವ ಬಲ 40 × 5, ಅಂದ್ರೆ 200. ಭಾಗಿಸಿದರೆ ಫ್ಲಕ್ಸ್ 500 ಮೈಕ್ರೋವೆಬರ್. ಅದನ್ನು ವಿಸ್ತೀರ್ಣದಿಂದ ಭಾಗಿಸಿದರೆ ಫ್ಲಕ್ಸ್ ಸಾಂದ್ರತೆ 5 ಟೆಸ್ಲಾ.

ಇಲ್ಲೇ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ, ಯಾಕಂದ್ರೆ ಈ ಲೆಕ್ಕವನ್ನೇ ಮಾಡಿರಲಿಲ್ಲ. ಪವರ್ ಫೆರೈಟ್ ಸುಮಾರು 0.3 ಟೆಸ್ಲಾ ದಾಟುತ್ತಿದ್ದ ಹಾಗೆ ಸ್ಯಾಚುರೇಟ್ ಆಗೋಕೆ ಶುರುವಾಗುತ್ತೆ. ಅದಾದ ಮೇಲೆ ಅದರ `μr` ಕುಸಿಯುತ್ತೆ, ಫೆರೈಟ್ ಕೂಡ ಹೆಚ್ಚುಕಡಿಮೆ ಗಾಳಿಯ ಥರ ಆಗಿಬಿಡುತ್ತೆ. ತಾಮ್ರದ ರೆಸಿಸ್ಟೆನ್ಸ್ ಕರೆಂಟ್ ಜಾಸ್ತಿಯಾಯಿತು ಅಂತ ಹೀಗೆ ಬದಲಾಗಲ್ಲ. ಹೋಲಿಕೆ ಕೈಕೊಡುವ ಮೊದಲ ಜಾಗ ಇದು. ಆದ್ದರಿಂದ ಫ್ಲಕ್ಸ್ ಸಿಕ್ಕಿದ ಕೂಡಲೇ ಸಾಂದ್ರತೆ ಎಷ್ಟು ಅಂತ ನೋಡಲೇಬೇಕು. ಮಿತಿ ದಾಟಿದ್ದರೆ ಆ ಉತ್ತರವೇ ಸುಳ್ಳು.

ಹಾಗಾದರೆ ನನ್ನ ಕೋರ್ ಎಷ್ಟು ಕರೆಂಟಿಗೆ ಸೋಲುತ್ತಿತ್ತು? 0.3 ಟೆಸ್ಲಾ ಅಂದ್ರೆ 30 ಮೈಕ್ರೋವೆಬರ್. ಅದನ್ನು 4 ಲಕ್ಷದಿಂದ ಗುಣಿಸಿದರೆ 12 ಆಂಪಿಯರ್-ಟರ್ನ್. 40 ಸುತ್ತಿಗೆ ಹಂಚಿದರೆ ಬರೀ 0.3 ಆಂಪಿಯರ್! ನಾನು ಕೇಳ್ತಿದ್ದದ್ದು 5. ಮೀಟರ್ ಯಾಕೆ ಹೇಳಲಿಲ್ಲ ಅಂದ್ರೆ, ಅದು ಅಳೆಯೋದು ಕೆಲವೇ ಮಿಲಿಆಂಪಿಯರ್‌ನಲ್ಲಿ. ಆಮೇಲೆ ಕಡಿಮೆ ವೋಲ್ಟೇಜ್ ಕೊಟ್ಟು, ಕರೆಂಟನ್ನು ಸ್ಕೋಪ್‌ನಲ್ಲಿ ನೋಡಿದೆ. ನೇರ ಇಳಿಜಾರಿನಲ್ಲಿ ಏರುತ್ತಿದ್ದ ಗೆರೆ 0.3 ಆಂಪಿಯರ್ ಹತ್ತಿರ ಸರ್ರಂತ ಮೇಲಕ್ಕೆ ಹೋಯಿತು. ಆ ಬಾಗು ಕಂಡರೆ ಕೋರ್ ಸ್ಯಾಚುರೇಟ್ ಆಗಿದೆ ಅಂತಲೇ ಅರ್ಥ.

ಪರಿಹಾರ ಏನು? ಎರಡು ತುಂಡುಗಳ ನಡುವೆ ಬೇಕಂತಲೇ ಸಂದು ಬಿಡೋದು. ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಇಟ್ಟೆ. ಪ್ಲಾಸ್ಟಿಕ್ ಆದರೂ ಫ್ಲಕ್ಸ್‌ಗೆ ಅದು ಗಾಳಿ ಇದ್ದ ಹಾಗೇ. ಒಂದು ಸೂಕ್ಷ್ಮ ಇದೆ: ಯು ತುಂಡುಗಳು ಎರಡು ಕಡೆ ಸೇರುತ್ತವೆ. ಫ್ಲಕ್ಸ್ ಒಂದು ಸುತ್ತು ಬರೋಷ್ಟರಲ್ಲಿ ಸಂದನ್ನು ಎರಡು ಸಲ ದಾಟುತ್ತೆ. ಹಾಗಾಗಿ ಒಟ್ಟು ಗ್ಯಾಪ್ 1 ಮಿಲಿಮೀಟರ್.

ಆ 1 ಮಿಲಿಮೀಟರ್‌ನ ರಿಲಕ್ಟೆನ್ಸ್ ಎಷ್ಟು? ಸುಮಾರು 80 ಲಕ್ಷ! ಹತ್ತು ಸೆಂಟಿಮೀಟರ್ ಫೆರೈಟ್‌ದು 4 ಲಕ್ಷ, ಒಂದು ಮಿಲಿಮೀಟರ್ ಗಾಳಿಯದು 80 ಲಕ್ಷ. ಪುಣೆಯಿಂದ ಬೆಳಗಾವಿಗೆ ಕಾರಲ್ಲಿ ಹೋದವರಿಗೆ ಗೊತ್ತು, ದಾರಿಯೆಲ್ಲ ಖಾಲಿ ಇದ್ದರೂ ಖಂಬಾಟ್ಕಿ ಘಾಟ್‌ನಲ್ಲಿ ಜಾಮ್ ಆದರೆ ಊರು ಸೇರೋ ಹೊತ್ತನ್ನು ಘಾಟೇ ತೀರ್ಮಾನಿಸುತ್ತೆ. ಹಾಗೇ ಇದು.

ಸೀರೀಸ್‌ನಲ್ಲಿರುವ ರೆಸಿಸ್ಟರ್‌ಗಳ ಥರ ಎರಡನ್ನೂ ಕೂಡಿಸಿ: 84 ಲಕ್ಷ. 200ನ್ನು ಅದರಿಂದ ಭಾಗಿಸಿದರೆ ಫ್ಲಕ್ಸ್ ಸುಮಾರು 24 ಮೈಕ್ರೋವೆಬರ್, ಸಾಂದ್ರತೆ 0.24 ಟೆಸ್ಲಾ. ಮಿತಿಯೊಳಗಿದೆ, ಈ ಉತ್ತರವನ್ನು ನಂಬಬಹುದು. ಕೋರ್ ಈಗ ತಡೆಯೋದು 6.3 ಆಂಪಿಯರ್. ಇಂಡಕ್ಟನ್ಸ್ ಅಂದ್ರೆ ಸುತ್ತುಗಳ ವರ್ಗವನ್ನು ರಿಲಕ್ಟೆನ್ಸ್‌ನಿಂದ ಭಾಗಿಸೋದು: 1600 ಭಾಗಿಸು 84 ಲಕ್ಷ, 190 ಮೈಕ್ರೋಹೆನ್ರಿ.

ಇನ್ನೊಂದು ಲಾಭವೂ ಇದೆ. ಫೆರೈಟ್ ಬಿಸಿಯಾಗಿ `μr` 2000ದಿಂದ 3000ಕ್ಕೆ ಏರಿತು ಅಂದ್ಕೊಳ್ಳಿ. ಗ್ಯಾಪ್ ಇಲ್ಲದಿದ್ದರೆ ಇಂಡಕ್ಟನ್ಸ್ ಒಂದೂವರೆ ಪಟ್ಟಾಗುತ್ತಿತ್ತು. ಗ್ಯಾಪ್ ಇದ್ದರೆ ಬದಲಾವಣೆ ಎರಡು ಶೇಕಡಾಕ್ಕೂ ಕಡಿಮೆ, ಯಾಕಂದ್ರೆ ಒಟ್ಟು ರಿಲಕ್ಟೆನ್ಸ್‌ನಲ್ಲಿ ಬಹುಪಾಲು ಗಾಳಿಯದೇ, ಮತ್ತು ಗಾಳಿ ಬದಲಾಗಲ್ಲ.

ಆದರೆ ಹೊಸ ಇಂಡಕ್ಟರ್ ಅಳೆದಾಗ ಮೀಟರ್ ತೋರಿಸಿದ್ದು 190 ಅಲ್ಲ, 205. ಇದು ಹೋಲಿಕೆ ಕೈಕೊಡುವ ಎರಡನೇ ಜಾಗ. ತಂತಿಯಲ್ಲಿ ಹರಿಯುವ ಕರೆಂಟ್ ಗಾಳಿಗೆ ಸೋರಲ್ಲ, ಯಾಕಂದ್ರೆ ತಾಮ್ರಕ್ಕೂ ಗಾಳಿಗೂ ಅಜಗಜಾಂತರ. ಫೆರೈಟ್‌ಗೂ ಗಾಳಿಗೂ ಇರೋ ವ್ಯತ್ಯಾಸ ಕೇವಲ 2000 ಪಟ್ಟು. ಹಾಗಾಗಿ ಸಂದಿನಲ್ಲಿ ಫ್ಲಕ್ಸ್ ಅಕ್ಕಪಕ್ಕಕ್ಕೆ ಉಬ್ಬಿಕೊಂಡು ದಾಟುತ್ತೆ. ಇದನ್ನು ಫ್ರಿಂಜಿಂಗ್ ಅಂತಾರೆ.

ಲೆಕ್ಕಕ್ಕೆ ಒಂದು ಸುಲಭ ರೂಢಿ ಇದೆ: ಅಡ್ಡಕೊಯ್ತದ ಎರಡೂ ಅಳತೆಗೆ ಸಂದಿನ ಉದ್ದ ಸೇರಿಸೋದು. ನನ್ನ ಚೌಕ 10 × 10 ಮಿಲಿಮೀಟರ್. ಪ್ರತಿ ಸಂದು ಅರ್ಧ ಮಿಲಿಮೀಟರ್, ಆದ್ದರಿಂದ 10.5 × 10.5. ವಿಸ್ತೀರ್ಣ 10 ಶೇಕಡಾ ಹೆಚ್ಚಾಯಿತು, ಗ್ಯಾಪ್‌ನ ರಿಲಕ್ಟೆನ್ಸ್ 73 ಲಕ್ಷಕ್ಕೆ ಇಳಿಯಿತು, ಒಟ್ಟು 77 ಲಕ್ಷ. ಈಗ ಇಂಡಕ್ಟನ್ಸ್ 208, ಮೀಟರ್‌ಗೆ ಹತ್ತಿರ ಬಂತು. ಆದರೆ ಗಮನಿಸಿ, ಫ್ಲಕ್ಸ್ ಕೂಡ 26 ಮೈಕ್ರೋವೆಬರ್‌ಗೆ ಏರಿತು. ಫೆರೈಟ್‌ನಲ್ಲಿ ಸಾಂದ್ರತೆ 0.26, ತಡೆಯೋ ಕರೆಂಟ್ 5.8ಕ್ಕೆ ಇಳಿಯಿತು. ಅಂದ್ರೆ ಫ್ರಿಂಜಿಂಗ್ ಬಿಟ್ಟರೆ ಲೆಕ್ಕ ತಪ್ಪೋದು ಅಪಾಯದ ದಿಕ್ಕಿಗೆ. ಸಂದು ದೊಡ್ಡದಾದಷ್ಟೂ ಈ ರೂಢಿಯ ಲೆಕ್ಕದ ಮೇಲೆ ಭರವಸೆ ಕಡಿಮೆ. ಜೊತೆಗೆ ಆ ಉಬ್ಬಿದ ಫ್ಲಕ್ಸ್ ಹತ್ತಿರದ ತಂತಿಗೆ ತಾಗಿ ಅದನ್ನು ಬಿಸಿ ಮಾಡುತ್ತೆ. ಸಂದಿನ ಪಕ್ಕದ ಸುತ್ತುಗಳು ಮಾತ್ರ ಕಪ್ಪಾಗಿದ್ದರೆ ಕಾರಣ ಇದೇ.

ಮೂರನೇ ಮಾಸ್ಫೆಟ್ ಉಳಿಯಿತು. ಸ್ಕೋಪ್‌ನಲ್ಲಿ ಗೆರೆ 5 ಆಂಪಿಯರ್‌ವರೆಗೂ ನೇರವಾಗಿತ್ತು.

ಕೊನೆಗೆ ನಿಮಗೊಂದು ಲೆಕ್ಕ ಬಿಟ್ಟು ಹೋಗ್ತೀನಿ. ಜೋಡಿಸುವಾಗ ಒಂದು ಕಡೆಯ ಹಾಳೆ ಜಾರಿ ಬಿದ್ದು, ತುಂಡುಗಳು ಅಲ್ಲಿ ಪೂರ್ತಿ ಅಂಟಿಕೊಂಡವು, ಇನ್ನೊಂದು ಕಡೆಯ ಅರ್ಧ ಮಿಲಿಮೀಟರ್ ಮಾತ್ರ ಉಳಿಯಿತು ಅಂದ್ಕೊಳ್ಳಿ. ಫ್ರಿಂಜಿಂಗ್ ಬಿಟ್ಟು, 5 ಆಂಪಿಯರ್‌ನಲ್ಲಿ ಸಾಂದ್ರತೆ ಎಷ್ಟು, ಆ ಉತ್ತರವನ್ನು ನಂಬಬಹುದಾ, ನೀವೇ ನೋಡಿ. ನಾಲ್ಕನೇ ಮಾಸ್ಫೆಟ್ ಬೇಕಾಗುತ್ತೋ ಇಲ್ವೋ ಗೊತ್ತಾಗುತ್ತೆ.