ಸೂರ್ಯನೊಡನೆ ತಿರುಗುವ ಫಲಕಗಳು



ಸೌರಫಲಕಗಳನ್ನು ದಕ್ಷಿಣಕ್ಕೆ ಓರೆಯಾಗಿಸಿ ಬಿಗಿದುಬಿಡುವುದು ಒಂದು ಪದ್ಧತಿ. ಉತ್ತರ-ದಕ್ಷಿಣವಾಗಿ ಮಲಗಿಸಿದ ಉಕ್ಕಿನ ಕೊಳವೆಗೆ ಕೂಡಿಸಿ, ಬೆಳಿಗ್ಗೆ ಮೂಡಲಿಗೂ ಸಂಜೆ ಪಡುವಲಿಗೂ ಮೋಟಾರಿನಿಂದ ತಿರುಗಿಸುವುದು ಇನ್ನೊಂದು.

ಸೊಲ್ಲಾಪುರದ ಕಡೆಯ ಬಯಲಿನಲ್ಲಿ 100 ಕಿಲೋವಾಟಿನ ಸ್ಥಾವರವೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಬಿಗಿದ ಫಲಕಗಳು ವರ್ಷಕ್ಕೆ ಸುಮಾರು 1,50,000 ಯೂನಿಟ್ಟು ಕೊಟ್ಟರೆ, ತಿರುಗುವವು ಶೇಕಡಾ 15ರಷ್ಟು, ಎಂದರೆ 22,500 ಯೂನಿಟ್ಟು ಹೆಚ್ಚು ಕೊಟ್ಟಾವು. ಯೂನಿಟ್ಟಿಗೆ 3 ರೂಪಾಯಿ ಹಿಡಿದರೆ 67,500 ರೂಪಾಯಿ. ಇದಕ್ಕೇ ನಾವು ಮರುಳಾಗಬಾರದು. ಇನ್ನೂ 15 ಕಿಲೋವಾಟ್ ಫಲಕ ಬಿಗಿದರೂ ಅಷ್ಟೇ ಯೂನಿಟ್ಟು ಬರುತ್ತದೆ. ಆದುದರಿಂದ ತಿರುಗುವ ಸಲಕರಣೆಯ ಬೆಲೆಗೆ ಅದರ ದುರಸ್ತಿಯನ್ನೂ ಕೂಡಿಸಿ, ಆ 15 ಕಿಲೋವಾಟಿನ ಖರ್ಚಿನೊಡನೆ ತೂಗಬೇಕು. ಫಲಕಗಳು ಬಹಳ ಅಗ್ಗವಾದ ಮೇಲೆ ಈ ತಕ್ಕಡಿ ಚಿಕ್ಕ ಸ್ಥಾವರಕ್ಕೆ ಹೆಚ್ಚಾಗಿ ಬಿಗಿದ ಫಲಕಗಳ ಕಡೆಗೇ ವಾಲುತ್ತದೆ. ಮಳೆಗಾಲದ ಮೋಡದಲ್ಲಂತೂ ಬೆಳಕು ಎಲ್ಲ ಕಡೆಯಿಂದ ಬರುವುದರಿಂದ ತಿರುಗಿ ಲಾಭವೇ ಇಲ್ಲ.

ತಿರುಗುವ ಯಂತ್ರದ ಸ್ವಭಾವ ಗಿರಣಿಯವರಾದ ನಮಗೆ ಹೊಸದಲ್ಲ. ಸಾಲೊಂದು ಪಡುವಲಿಗೆ ವಾಲಿ ಸಿಕ್ಕಿಕೊಂಡಿತೆನ್ನಿ. ಮರುದಿನ ಬೆಳಗಿನ ಉತ್ಪತ್ತಿ ಕುಸಿಯುತ್ತದೆ, ಸಂಜೆಯದು ಸರಿಯಾಗಿಯೇ ಇರುತ್ತದೆ. ದಿನದ ಮೊತ್ತವನ್ನಷ್ಟೇ ಬರೆದಿಡುವವನು ಮೋಡವಿತ್ತೆಂದುಕೊಳ್ಳುತ್ತಾನೆ. ಗಂಟೆಗಂಟೆಯ ಅಂಕಿ ನೋಡಿದವನಿಗೇ ಅದು ಗೊತ್ತಾಗುವುದು. ದೊಡ್ಡ ಸ್ಥಾವರದಲ್ಲಿ ಫಿಟ್ಟರು ಅಲ್ಲಿಯೇ ಇರುತ್ತಾನೆ. ಚಿಕ್ಕದಕ್ಕೆ ಅವನು ಪಟ್ಟಣದಿಂದ ಬರಬೇಕು. ಅಲ್ಲಿಯವರೆಗೆ ಆ ಸಾಲು ಬಿಗಿದ ಫಲಕಕ್ಕಿಂತಲೂ ಕಡಿಮೆ ದುಡಿಯುತ್ತದೆ.

ಸಂಜೆಯ ವಿದ್ಯುತ್ತಿಗೆ ಹೆಚ್ಚು ದರ ಸಿಗುವ ಕಡೆ ಮಾತ್ರ ನಾವು ಲೆಕ್ಕವನ್ನು ಮತ್ತೊಮ್ಮೆ ಹಾಕುತ್ತೇವೆ.