ಏಕಾದಶಿಯ ಉಪವಾಸ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ
(ಅಥಣಿ ತಾಲೂಕಿನ ಅನಂತಪುರದಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತು ಪಗಾರದ ಮಾತಿಲ್ಲ, ಬೋನಸ್ಸಿನ ಮಾತಿಲ್ಲ. ನಮ್ಮ ಓಣಿಯ ಒಬ್ಬ ಆಯಿಗೆ ಕಳೆದ ಕಾರ್ತಿಕ ಏಕಾದಶಿಯ ದಿನ ಏನಾಯಿತೆಂಬುದನ್ನು ಹೇಳಲು ನಿಂತಿದ್ದೇನೆ. ನಾನು ವೈದ್ಯನಲ್ಲ, ಸಾಲೆಯಲ್ಲಿ ಪಾಠ ಹೇಳಿದವನು. ಆದರೆ ಆ ರಾತ್ರಿ ಆ ಗಾಡಿಯಲ್ಲಿ ನಾನೂ ಇದ್ದೆ. ಆಮೇಲೆ ಡಾಕ್ಟರರ ಹತ್ತಿರ ಕುಳಿತು, ಒಂದೊಂದನ್ನೇ ಕೇಳಿ ತಿಳಿದುಕೊಂಡೆ. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಆಯಿಗೆ ಎಪ್ಪತ್ತೆರಡು ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಯಾವಾಗಲೋ ಬರೆದುಕೊಟ್ಟ ಚೀಟಿ, ಅದೇ ಮಾತ್ರೆ: ಗ್ಲಿಬೆನ್‌ಕ್ಲಮೈಡ್, 5 ಮಿಲಿಗ್ರಾಮಿನದು. ಚೀಟಿ ಹರಿದುಹೋದರೂ ಮಾತ್ರೆಯ ಖಾಲಿ ಪಟ್ಟಿ ತೋರಿಸಿ ಅಂಗಡಿಯಿಂದ ತರುತ್ತಿದ್ದರು. ನಡುವೆ ಯಾರೂ ರಕ್ತ ನೋಡಿಸಲಿಲ್ಲ, ಮೂತ್ರಪಿಂಡ ಹೇಗಿದೆಯೆಂದು ಕೇಳಲಿಲ್ಲ. ಏಕಾದಶಿಯ ಬೆಳಿಗ್ಗೆ ಏಳಕ್ಕೆ ಆಯಿ ಸಕ್ಕರೆ ಇಲ್ಲದ ಚಹಾದೊಂದಿಗೆ ಮಾತ್ರೆ ನುಂಗಿದಳು. ಉಪವಾಸ ಊಟಕ್ಕೆ, ಔಷಧಕ್ಕಲ್ಲ ಎಂಬುದು ಆಕೆಯ ಲೆಕ್ಕ. ದಿನವೆಲ್ಲ ನೀರು, ಮಧ್ಯಾಹ್ನ ಒಂದು ಹಿಡಿ ಶೇಂಗಾ, ಅಷ್ಟೇ.

ಸಂಜೆ ಐದಕ್ಕೆ ಕಟ್ಟೆಯ ಮೇಲೆ ಕುಳಿತವಳು ಮೊಮ್ಮಗನನ್ನು ತೀರಿಹೋದ ಗಂಡನ ಹೆಸರಿನಿಂದ ಕರೆಯಹತ್ತಿದಳು. ಸುಮ್ಮಸುಮ್ಮನೆ ಸಿಟ್ಟಿಗೆದ್ದಳು. "ವಯಸ್ಸಾತು, ಅರಳುಮರಳು" ಎಂದು ನಾಲ್ಕು ಜನ ನಕ್ಕರು. ಪಕ್ಕದ ಕಿರಾಣಿ ಅಂಗಡಿಯವರು ಮಾತ್ರ ಆಕೆಯ ಕೈ ಹಿಡಿದು ನೋಡಿದರು. ಕಾರ್ತಿಕದ ಥಂಡಿಯಲ್ಲಿ ಅಂಗೈ ತೊಯ್ದಿತ್ತು, ಹಣೆಯ ಮೇಲೆ ತಣ್ಣನೆಯ ಬೆವರು. ಅವರಿಗೂ ಅದೇ ಕಾಯಿಲೆ ಇದ್ದುದರಿಂದ ಮನೆಯಲ್ಲಿ ಯಂತ್ರವಿತ್ತು. ಬೆರಳು ಚುಚ್ಚಿ ನೋಡಿದರೆ 46. ಎಪ್ಪತ್ತಕ್ಕಿಂತ ಕೆಳಗಿಳಿದರೆ ಉಪಚಾರ ಮಾಡಬೇಕು. ಐವತ್ನಾಲ್ಕಕ್ಕಿಂತ ಕೆಳಗೆಂದರೆ ಮಿದುಳಿಗೇ ಸಕ್ಕರೆ ಸಾಲದೆಂದು ಅರ್ಥ.

ಸಕ್ಕರೆ ಹೆಚ್ಚಾದ ರೋಗಿಗೆ ಸಕ್ಕರೆ ಕಡಿಮೆಯಾದದ್ದು ಹೇಗೆ? ಇಲ್ಲಿಯೇ ಆ ಮಾತ್ರೆಯ ಗುಟ್ಟು ಇರುವದು. ನಮ್ಮ ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಎಂಬುದೊಂದಿದೆ. ಊಟವಾದಾಗ ಅದು ಇನ್ಸುಲಿನ್ ಬಿಡುತ್ತದೆ. ಊಟವಿಲ್ಲದಾಗ ಕೈ ಬಿಗಿಹಿಡಿಯುತ್ತದೆ. ಈ ಮಾತ್ರೆ ಆ ಗ್ರಂಥಿಯ ಕೈಯನ್ನು ಹಿಡಿದು ಹಿಂಡುತ್ತದೆ. ತಾಟಿನಲ್ಲಿ ರೊಟ್ಟಿ ಇದೆಯೋ ಇಲ್ಲವೋ ಎಂದು ಅದು ಕೇಳುವದಿಲ್ಲ. ಇನ್ನು ಉಪವಾಸದ ದಿನಕ್ಕೆಂದು ದೇಹ ಯಕೃತ್ತಿನಲ್ಲಿ ಸ್ವಲ್ಪ ಸಕ್ಕರೆ ಕೂಡಿಟ್ಟಿರುತ್ತದೆ, ನಮ್ಮ ಹಿರಿಯರು ಹಗೇವಿನಲ್ಲಿ ಜೋಳ ಇಟ್ಟಂತೆ. ಆದರೆ ಇನ್ಸುಲಿನ್ ಆ ಹಗೇವಿನ ಬಾಯಿಯನ್ನೂ ಮುಚ್ಚಿಬಿಡುತ್ತದೆ. ಹೊರಗಿನಿಂದ ಬರುವದಿಲ್ಲ, ಒಳಗಿನದು ಸಿಗುವದಿಲ್ಲ.

ಈ ಜಾತಿಯ ಔಷಧ ತಿಳಿದುಬಂದದ್ದೇ ಹೀಗೆ. 1942ರಲ್ಲಿ, ಯುದ್ಧದಿಂದ ಅನ್ನಕ್ಕೆ ಬರ ಬಿದ್ದಿದ್ದ ಫ್ರಾನ್ಸಿನಲ್ಲಿ, ಮೊಂಪೆಲಿಯೆ ಪಟ್ಟಣದ ಡಾಕ್ಟರ್ ಜಾಂಬೋನ್ ವಿಷಮಜ್ವರಕ್ಕೆಂದು ಹೊಸದೊಂದು ಗಂಧಕದ ಔಷಧ ಕೊಟ್ಟರು. ಜ್ವರದ ಮಾತು ಹಾಗಿರಲಿ, ಕೆಲವು ರೋಗಿಗಳ ರಕ್ತದ ಸಕ್ಕರೆ ಕುಸಿದುಹೋಯಿತು, ಕೆಲವರು ಸತ್ತರು. ಅದೇ ಊರಿನ ಲುಬಾತಿಯೇರ್ ಎಂಬ ವಿಜ್ಞಾನಿ ನಾಯಿಗಳ ಮೇಲೆ ಪರೀಕ್ಷೆ ಮಾಡಿ, ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಯಲ್ಲಿ ಸಕ್ಕರೆ ಇಳಿಯುವದಿಲ್ಲವೆಂದು ತೋರಿಸಿದರು. ಅಂದರೆ ಔಷಧ ಆ ಗ್ರಂಥಿಯ ಮೂಲಕವೇ ಕೆಲಸ ಮಾಡುವದೆಂದು ಸಿದ್ಧವಾಯಿತು. ಅಂದು ಅಪಾಯವೆಂದು ಕಂಡ ಗುಣವೇ ಮುಂದೆ ಮದ್ದಾಯಿತು. ಅಪಾಯ ಹೋಗಲಿಲ್ಲ.

ಮತ್ತೆ ಆಯಿಯ ಮನೆಗೆ ಬರೋಣ. ಅಂಗಡಿಯವರು ತಡಮಾಡಲಿಲ್ಲ. ಚಹಾ ಚಮಚದಿಂದ ತುಂಬಿದ ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿನಲ್ಲಿ ಕರಗಿಸಿ ಕುಡಿಸಿದರು. ಆಯಿ ಎದ್ದು ಕುಳಿತಿದ್ದಳು, ಗುಟುಕು ನುಂಗುತ್ತಿದ್ದಳು, ಅದಕ್ಕೇ ಕುಡಿಸಿದರು. ಇದು ಸುಮಾರು 15 ಗ್ರಾಂ. ಗಡಿಯಾರ ನೋಡಿ ಹದಿನೈದು ನಿಮಿಷ ಕಾಯ್ದರು. ಯಂತ್ರ 63 ತೋರಿಸಿತು. ಮತ್ತೆ ಅಷ್ಟೇ ಸಕ್ಕರೆ ನೀರು, ಮತ್ತೆ ಹದಿನೈದು ನಿಮಿಷ. ಈ ಸಲ 94. ಆಯಿ ಬೆವರು ಒರೆಸಿಕೊಂಡು, "ಯಾಕ ಹಿಂಗ ಸುತ್ತ ಕೂತೀರಿ?" ಎಂದಳು. ಎಲ್ಲರೂ ನಕ್ಕರು. ಇಲ್ಲಿಯ ತನಕ ಮಾಡಿದ್ದೆಲ್ಲ ಸರಿ.

ಕಾಯುವ ಆ ಹದಿನೈದು ನಿಮಿಷ ಬಹಳ ಕಠಿಣ. ಗಾಬರಿಯಿಂದ ಮೇಲಿಂದ ಮೇಲೆ ಸುರಿಯಬೇಕೆನಿಸುತ್ತದೆ. ಕುಡಿದ ಸಕ್ಕರೆ ರಕ್ತಕ್ಕೆ ಸೇರಲು ಅಷ್ಟು ಹೊತ್ತು ಬೇಕು. ಪೇಢೆ, ಬಿಸ್ಕೀಟು, ಕೆನೆಹಾಲು ಕೊಡಬಾರದೆಂದೂ ಡಾಕ್ಟರರು ಹೇಳಿದರು. ಜಿಡ್ಡು ಇದ್ದರೆ ಸಕ್ಕರೆ ಮೇಲೇರುವದು ತಡ. ಯಂತ್ರ ಮನೆಯಲ್ಲಿ ಇಲ್ಲದಿದ್ದರೆ ಹುಡುಕಿಕೊಂಡು ಓಡಬೇಡಿ. ಮಾತ್ರೆ ನುಂಗಿ ಊಟ ಬಿಟ್ಟ ಮುದುಕರು ಬೆವತರೆ, ನಡುಗಿದರೆ, ತೊದಲಿದರೆ, ಸಂಬಂಧವಿಲ್ಲದ ಮಾತಾಡಿದರೆ ಮೊದಲು ಸಕ್ಕರೆ ನೀರು ಕೊಡಿ. ನಿಮ್ಮ ಊಹೆ ತಪ್ಪಾಗಿದ್ದರೂ ಮೂರು ಚಮಚ ಸಕ್ಕರೆಯಿಂದ ದೊಡ್ಡ ಹಾನಿಯಿಲ್ಲ. ಒಂದು ಕೈ ಬಿದ್ದುಹೋದಂತಾಗಿ ಲಕ್ವಾ ಹೊಡೆದಂತೆಯೂ ಕಾಣುವದುಂಟು, ಕುಡಿದವರಂತೆಯೂ ಕಾಣುವದುಂಟು. ಲಕ್ವಾದ ಸಂಶಯ ಬಂದರಂತೂ ಸಕ್ಕರೆ ಫಲ ಕೊಡುವದೇ ಎಂದು ನೋಡುತ್ತ ಕೂಡದೆ ಅದೇ ಹೊತ್ತಿಗೆ ಗಾಡಿ ಕರೆಸಬೇಕು. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರಲ್ಲಿ ನಡುಕ, ಎದೆಬಡಿತ ತೋರದೆ ಇರಬಹುದು. ಬೆವರು ಮಾತ್ರ ಬರುತ್ತದೆ. ಅದಕ್ಕೇ ಆ ಅಂಗಡಿಯವರು ಕೈ ಮುಟ್ಟಿ ನೋಡಿದ್ದು ನನಗೆ ಇಂದಿಗೂ ದೊಡ್ಡದೆನಿಸುತ್ತದೆ.

ತಪ್ಪಾದದ್ದು ಆಮೇಲೆ. ಸೊಸೆ ರೊಟ್ಟಿ ತಂದಿಟ್ಟಳು. ಆಯಿ ತಾಟು ಸರಿಸಿದಳು. "ನಾಳೆ ದ್ವಾದಶಿಗೆ ಉಣ್ತೇನವ್ವಾ" ಎಂದು ಮಲಗಿದಳು. 94 ನೋಡಿದ ನಾವು ಯಾರೂ ಒತ್ತಾಯ ಮಾಡಲಿಲ್ಲ. ಸಕ್ಕರೆ ನೀರಿನ ಬಲ ಒಂದು ತಾಸಿನ ಒಳಗೆ ಮುಗಿಯುತ್ತದೆ. ಆ ಮಾತ್ರೆಯ ಬಲ ಇಡೀ ದಿನದ್ದು. ವಯಸ್ಸಾಗಿ ಮೂತ್ರಪಿಂಡ ಸೋತಿದ್ದರೆ ಔಷಧ ಮೈಯಿಂದ ಹೊರಬೀಳುವದಿಲ್ಲ, ಎರಡನೆಯ ದಿನವೂ ಉಳಿದಿರುತ್ತದೆ. ಮೇಲಾಗಿ ಸಕ್ಕರೆ ಕೊಟ್ಟೊಡನೆ ಹಿಂಡಿಸಿಕೊಳ್ಳುತ್ತಿರುವ ಗ್ರಂಥಿ ಇನ್ನಷ್ಟು ಇನ್ಸುಲಿನ್ ಬಿಡುತ್ತದೆ. ಆದುದರಿಂದ ಸಕ್ಕರೆ ಏರಿದ ಕೂಡಲೇ ರೊಟ್ಟಿ-ಪಲ್ಯವನ್ನೋ ಅನ್ನ-ಸಾರನ್ನೋ ಉಣಿಸಲೇಬೇಕು. ಅದು ನಿಧಾನವಾಗಿ ಕರಗಿ ತಾಸುಗಟ್ಟಲೆ ಸಕ್ಕರೆ ಕೊಡುತ್ತದೆ. ಉಣಿಸಿದ ಮೇಲೂ ಆ ರಾತ್ರಿ ಒಬ್ಬರು ಎಚ್ಚರವಿದ್ದು, ಎಬ್ಬಿಸಿ ಮಾತಾಡಿಸಿ, ಮತ್ತೆ ಮತ್ತೆ ಬೆರಳು ಚುಚ್ಚಿ ನೋಡಬೇಕು. ನಿಜ ಹೇಳಬೇಕೆಂದರೆ, ವಯಸ್ಸಾದವರಿಗೆ ಈ ಮಾತ್ರೆಯಿಂದ ಹೀಗಾದರೆ, ಸುಧಾರಿಸಿದಂತೆ ಕಂಡರೂ, ಅದೇ ದಿನ ಆಸ್ಪತ್ರೆಗೆ ಒಯ್ಯುವದೇ ಸರಿ. ಮನೆಯ ಉಪಚಾರ ಮೊದಲ ಅರ್ಧ ತಾಸಿನದು.

ಆಯಿಯ ಮಗ ಎರಡನೆಯ ಪಾಳಿ ಮುಗಿಸಿ ರಾತ್ರಿ ಹನ್ನೆರಡೂವರೆಗೆ ಮನೆಗೆ ಬಂದ. ತಾಯಿಯ ಕೌದಿ ಬೆವರಿನಿಂದ ತೊಯ್ದಿತ್ತು. ಗೊರಕೆ ಹೊಡೆಯುತ್ತಿದ್ದಳು, ಎಬ್ಬಿಸಿದರೆ ಏಳಲೊಲ್ಲಳು. ಸೊಸೆ ಹೆದರಿ ಸಕ್ಕರೆ ನೀರನ್ನು ಬಾಯಿಗೆ ಹಾಕಿದಳು. ನೀರು ಗಂಟಲಿಗೇರಿ ಕೆಮ್ಮು ಬಂತು. ಮಗ ಕೈ ಹಿಡಿದು ನಿಲ್ಲಿಸಿದ. ಅವನು ಆ ಹೊತ್ತು ಮಾಡಿದ ದೊಡ್ಡ ಕೆಲಸ ಅದು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನು ಮಾಡಿದೆವು. ಅಥಣಿಗೆ ಮುಟ್ಟಿದಾಗ 31 ಇತ್ತು. ನರಕ್ಕೆ ಗ್ಲುಕೋಸ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಟ್ಟಳು. ಆದರೆ ಮರುದಿನ, ಸಲಾಯಿನ್ ಹನಿಯುತ್ತಿದ್ದಾಗಲೂ, ಎರಡು ಸಲ ಮತ್ತೆ ಇಳಿಯಿತು. ಎರಡು ರಾತ್ರಿ ಇಟ್ಟುಕೊಂಡರು. ಮೂತ್ರಪಿಂಡ ಸೋತದ್ದು ಆಗ ತಿಳಿಯಿತು. ಆ ಮಾತ್ರೆ ನಿಂತಿತು, ಬೇರೆಯದು ಬಂತು.

ಡಾಕ್ಟರರು ತೋರಿಸಿದ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿಯೇ, ಅರವತ್ತು ದಾಟಿದವರಿಗೆ ಗ್ಲಿಬೆನ್‌ಕ್ಲಮೈಡ್ ತಕ್ಕುದಲ್ಲವೆಂದು ಬರೆದಿದೆ. ಅದರ ಬಳಗದವೇ ಆದ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಇವೆ; ಇವು ಅಷ್ಟು ಕ್ರೂರವಲ್ಲ, ಆದರೆ ಊಟ ಬಿಟ್ಟರೆ ಇವೂ ಇಳಿಸುತ್ತವೆ. ಮನೆಗೆ ಹೋಗಿ ನಿಮ್ಮ ಹಿರಿಯರ ಮಾತ್ರೆಯ ಪಟ್ಟಿಯನ್ನು ಮೊಮ್ಮಕ್ಕಳಿಂದ ಓದಿಸಿರಿ. ಕಂಪನಿಯ ಹೆಸರು ದಪ್ಪ ಅಕ್ಷರದಲ್ಲಿರುತ್ತದೆ, ಅದನ್ನು ಬಿಡಿ. ಸಣ್ಣ ಅಕ್ಷರದಲ್ಲಿ "ಗ್ಲಿ" ಎಂದು ಆರಂಭವಾಗುವ ಹೆಸರು ಇದೆಯೇ ನೋಡಿರಿ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಈ ಭಯ ಬಹಳ ಕಡಿಮೆ. ಆದರೆ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಕೂಡಿಸಿ ಮಾರುತ್ತಾರೆ, ಪೂರ್ತಿ ಓದಿಸಿರಿ.

ಸಭೆ ಮುಗಿಯುವಾಗ ಬೆಲ್ಲದ ವ್ಯಾಪಾರಿಯೊಬ್ಬರು ಎದ್ದು ಕೇಳಿದರು: "ಮಾಸ್ತರ, ಸಕ್ಕರಿನ ಯಾಕ? ನಮ್ಮ ಬೆಲ್ಲ ನಡೀತೈತಿಲ್ಲೋ?" ನಡೆಯುತ್ತದೆ. ಆದರೆ ಹೆಂಟೆ ಕಚ್ಚಿಸಬೇಡಿ, ಪುಡಿ ಮಾಡಿ ನೀರಿನಲ್ಲಿ ಕರಗಿಸಿ ಕೊಡಿ. ಒಂದು ಕಡೆ ಮಾತ್ರ ಸಕ್ಕರೆಯೂ ಬೆಲ್ಲವೂ ಸೋಲುತ್ತವೆ. ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಕೂಡಿದ್ದರೆ ಅದು ಕರುಳಿನಲ್ಲಿ ಸಕ್ಕರೆ ಒಡೆಯುವದನ್ನು ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲುಕೋಸ್ ಪುಡಿಯ ಡಬ್ಬಿಯೇ ಇರಬೇಕು. ಅದು ಒಡೆಯದೆಯೇ ರಕ್ತಕ್ಕೆ ಸೇರುತ್ತದೆ. ಅಳತೆ ಅದೇ ಮೂರು ಚಮಚ.

ಮತ್ತೊಬ್ಬ ತಾಯಿ, "ಹಂಗಾದ್ರ ಉಪಾಸ ಮಾಡೋದ ಬ್ಯಾಡೇನ್ರಿ?" ಎಂದು ಕೇಳಿದರು. ವಾರ ಮೊದಲೇ ಡಾಕ್ಟರರನ್ನು ಕೇಳಿರಿ. ಮಾತ್ರೆ ಬಿಡುವದೋ ಕಡಿಮೆ ಮಾಡುವದೋ ಅವರು ಹೇಳುತ್ತಾರೆ. ಕೇಳಲು ಆಗದೆ ಹೋದರೆ, ಆ ಹೊತ್ತಿನ ಊಟ ಇಲ್ಲವೆಂದರೆ ಆ ಹೊತ್ತಿನ "ಗ್ಲಿ" ಮಾತ್ರೆಯೂ ಇಲ್ಲ. ಉಪವಾಸವೆಂದಲ್ಲ, ಜ್ವರ ಬಂದು ಬಾಯಿ ರುಚಿ ಕೆಟ್ಟಾಗಲೂ, ವಾಂತಿಯಾದಾಗಲೂ ಇದೇ ಮಾತು. ಆದರೆ ಜ್ವರ ವಾಂತಿಯಲ್ಲಿ ಸಕ್ಕರೆ ಏರುವದೂ ಉಂಟು, ಆ ದಿನವೇ ದವಾಖಾನೆಗೆ ತೋರಿಸಿರಿ. ಒಮ್ಮೆ ಸಕ್ಕರೆ ಇಳಿದವರಿಗೆ ಡಾಕ್ಟರರನ್ನು ಕಾಣುವ ತನಕ ಮುಂದಿನ ಮಾತ್ರೆ ಕೊಡಬೇಡಿ.