ನಿರ್ಧಾರ ಆಗಿದೆಯೋ, ಇನ್ನೂ ಇಲ್ಲವೋ?
(ಜುಮಾ ಖುತ್ಬಾ ಸಾರಾಂಶ)



ಹಿಜರಿ 5ನೇ ವರ್ಷ. ಮದೀನಾದ ಉತ್ತರ ಭಾಗದಲ್ಲಿ ಕಂದಕ, ಅದರಾಚೆ ಶತ್ರು ಸೈನ್ಯ. ಊರಲ್ಲಿ ಚಳಿ, ಹಸಿವು, ಭಯ. ಶತ್ರುಗಳ ಒಕ್ಕೂಟವನ್ನು ಒಡೆಯಲು ಪ್ರವಾದಿವರ್ಯರು(ಸ) ಒಂದು ದಾರಿ ಯೋಚಿಸಿದರು. ಮದೀನಾದ ಖರ್ಜೂರದ ಬೆಳೆಯಲ್ಲಿ ಮೂರನೇ ಒಂದು ಭಾಗ ಕೊಟ್ಟರೆ ಗತಫಾನ್ ಗೋತ್ರದವರು ಮನೆಗೆ ಹಿಂತಿರುಗುತ್ತಾರೆ ಎಂದು ಮಾತುಕತೆ ನಡೆಯಿತು. ಒಪ್ಪಂದದ ಕರಡೂ ಸಿದ್ಧವಾಯಿತು. ಆದರೆ ಸಾಕ್ಷಿಗಳ ಸಹಿ ಬೀಳುವ ಮುಂಚೆ ಅವರು ಇಬ್ಬರನ್ನು ಕರೆಸಿದರು: ಔಸ್ ಗೋತ್ರದ ಸಅದ್ ಬಿನ್ ಮುಆದ್(ರ) ಮತ್ತು ಖಝ್ರಜ್ ಗೋತ್ರದ ಸಅದ್ ಬಿನ್ ಉಬಾದಾ(ರ). ಆ ತೋಟಗಳು ಅವರ ಜನರದ್ದು. ಕೊಡಬೇಕಾದವರೂ ಅವರೇ.

ಈ ಇಬ್ಬರು ಮೊದಲು ಅಭಿಪ್ರಾಯ ಹೇಳಲಿಲ್ಲ, ಪ್ರಶ್ನೆ ಕೇಳಿದರು. ಇದು ಅಲ್ಲಾಹನ ಆಜ್ಞೆಯೇ? ತಮ್ಮ ಇಷ್ಟವೇ? ಇಲ್ಲ, ನಮಗೋಸ್ಕರ ಮಾಡುತ್ತಿರುವುದೇ? ನಿಮಗೋಸ್ಕರವೇ ಎಂಬ ಉತ್ತರ ಬಂದ ಮೇಲೆ ಸಅದ್ ಬಿನ್ ಮುಆದ್(ರ) ನೇರವಾಗಿ ಬೇಡವೆಂದರು. ನಾವು ವಿಗ್ರಹಾರಾಧಕರಾಗಿದ್ದಾಗಲೂ ಇವರು ಬೆಲೆ ಕೊಡದೆ ಅಥವಾ ಅತಿಥಿಗಳಾಗದೆ ನಮ್ಮ ಒಂದು ಖರ್ಜೂರ ತಿಂದವರಲ್ಲ, ಈಗ ಇಸ್ಲಾಮಿನ ಗೌರವ ಸಿಕ್ಕಿದ ಮೇಲೆ ಕೊಡುವುದೇ ಎಂಬುದು ಅವರ ವಾದ. ಪ್ರವಾದಿವರ್ಯರು(ಸ) ಅದನ್ನು ಒಪ್ಪಿದರು. ಸಅದ್(ರ) ಕರಡಿನ ಬರಹವನ್ನು ಅಳಿಸಿಹಾಕಿದರು.

ಸಹಾಬಿಗಳು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ್ದಾರೆ. ಬದ್ರ್‌ನಲ್ಲಿ ಬೀಡುಬಿಟ್ಟ ಜಾಗದ ಬಗ್ಗೆ ಹುಬಾಬ್ ಬಿನ್ ಮುಂದಿರ್(ರ) ಹೀಗೆಯೇ ಕೇಳಿ, ಇದು ಆಜ್ಞೆಯಲ್ಲ ಎಂದು ತಿಳಿದ ಮೇಲೆ, ಬಾವಿಯ ಹತ್ತಿರದ ಜಾಗ ಸೂಚಿಸಿದರು. ದಾಸ್ಯದಿಂದ ಬಿಡುಗಡೆಯಾದ ಬರೀರಾ(ರ)ರಿಗೆ, ನಿನ್ನ ಪತಿ ಮುಗೀಸ್‌ರ ಬಳಿಗೆ ಮರಳಬಾರದೇ ಎಂದು ಪ್ರವಾದಿವರ್ಯರು(ಸ) ಹೇಳಿದಾಗ, ಇದು ಆಜ್ಞೆಯೇ ಎಂದು ಆಕೆ ಕೇಳಿದರು. ಅಲ್ಲ, ಬರೀ ಶಿಫಾರಸು ಎಂದಾಗ, ಹಾಗಾದರೆ ನನಗೆ ಬೇಡ ಎಂದರು. ಯಾರೂ ಆಕೆಯನ್ನು ಗದರಿಸಲಿಲ್ಲ.

ಬಾಗಿಲು ತೆರೆದಿದೆಯೇ ಎಂದು ಅವರು ಕೇಳಿ ತಿಳಿದುಕೊಂಡರು. ನಮ್ಮ ಗೆಳೆಯರು ಹಾಗೆ ಕೇಳುವುದಿಲ್ಲ. ಮರ್ಯಾದೆ ಅಡ್ಡ ಬರುತ್ತದೆ. ಆದ್ದರಿಂದ ಕೇಳುವ ನಾವೇ ಅದನ್ನು ಮೊದಲು ಹೇಳಬೇಕಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹರಿಹರದ ಒಬ್ಬ ಸಹೋದರರು ತಮ್ಮ ನಿವೇಶನ ಮಾರಿ, ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಪಾಲು ಹಾಕಬೇಕೆಂದಿದ್ದಾರೆ. ನಿವೇಶನಕ್ಕೆ 18 ಲಕ್ಷ ಬರಬಹುದು. ಅವರ ಬಾಲ್ಯದ ಗೆಳೆಯರೊಬ್ಬರು ದಾವಣಗೆರೆಯಲ್ಲಿ ಇಪ್ಪತ್ತು ವರ್ಷ ಭಟ್ಟಿ ಕೆಲಸ ಕಂಡವರು. ಸಾಮಾನ್ಯವಾಗಿ ನಡೆಯುವುದೇನು? ಜುಮಾ ಮುಗಿಸಿ ಮಸೀದಿ ಮೆಟ್ಟಿಲಲ್ಲಿ, ನಾಲ್ಕು ಜನರ ಎದುರು, ಕೈ ಹಿಡಿದು ಇವರು ಹೇಳುತ್ತಾರೆ: "ಭಾಯಿ, ಅಡ್ವಾನ್ಸ್ ಕೊಟ್ಟಾಯ್ತು, ಇಸ್ತಿಖಾರಾನೂ ಮಾಡಿದೀನಿ, ನೀವೇನಂತೀರಾ?" ಗೆಳೆಯರು ಏನನ್ನಬೇಕು? "ಅಲ್ಲಾಹ್ ಬರ್ಕತ್ ಕೊಡಲಿ" ಅನ್ನುತ್ತಾರೆ. ಹರಿಹರಕ್ಕೆ ಮರಳುವ ಬಸ್ಸಿನಲ್ಲಿ ಇವರು, ಅವರೂ ಒಪ್ಪಿದರು ಎಂದು ಲೆಕ್ಕ ಹಾಕುತ್ತಾರೆ.

ಅದು ಒಪ್ಪಿಗೆಯಲ್ಲ. ಗೆಳೆಯರು ಸಾಲದ ಬಗ್ಗೆ ಕೇಳಲಿಲ್ಲ, ಪಾಲುದಾರ ಯಾರೆಂದು ಕೇಳಲಿಲ್ಲ, ಬರೀ ದುಆ ಮಾಡಿದರು. ಒಂದೂ ಪ್ರಶ್ನೆಯಿಲ್ಲದೆ ಬಂದ ಒಳ್ಳೆಯ ಮಾತು ಸಿಕ್ಕರೆ, ಅಭಿಪ್ರಾಯ ಇನ್ನೂ ಸಿಕ್ಕಿಲ್ಲ ಎಂದೇ ತಿಳಿಯಬೇಕು. ಇಸ್ತಿಖಾರಾದ ವಿಷಯವನ್ನೂ ಹೇಳಿಬಿಡೋಣ. ಅದು ಅಲ್ಲಾಹನಲ್ಲಿ ಒಳಿತನ್ನು ಬೇಡುವ ಎರಡು ರಕಅತ್ ನಮಾಝ್ ಮತ್ತು ದುಆ. ಅದನ್ನು ಗೆಳೆಯನ ಮುಂದೆ ಮುದ್ರೆಯಂತೆ ತೋರಿಸಿದರೆ, ವಿರೋಧಿಸುವುದು ಅಲ್ಲಾಹನ ತೀರ್ಮಾನವನ್ನೇ ವಿರೋಧಿಸಿದಂತೆ ಆತನಿಗೆ ಅನ್ನಿಸುತ್ತದೆ. ಇಸ್ತಿಖಾರಾ ಖಂಡಿತ ಮಾಡಿ, ಗೆಳೆಯನ ಬಾಯಿ ಮುಚ್ಚಿಸಲು ಮಾತ್ರ ಅದನ್ನು ಬಳಸಬೇಡಿ.

ಈಗ ಅದನ್ನೇ ಬೇರೆ ರೀತಿ ಕೇಳಿ ನೋಡೋಣ. ಅಡ್ವಾನ್ಸ್ ಕೊಡುವ ಮುಂಚೆ, ಅಗ್ರಿಮೆಂಟ್‌ಗೆ ಸಹಿ ಹಾಕುವ ಮುಂಚೆ ಹೋಗಬೇಕು. ಕಂದಕದ ಕರಡಿಗೂ ಸಹಿ ಬಿದ್ದಿರಲಿಲ್ಲ ಎಂಬುದು ನೆನಪಿರಲಿ. ಗೆಳೆಯರ ಮನೆಗೆ ಒಬ್ಬರೇ ಹೋಗಿ, ಕೂತು, ಹೀಗೆ ಆರಂಭಿಸಬಹುದು: "ಭಾಯಿ, ಇನ್ನೂ ಯಾರಿಗೂ ಮಾತು ಕೊಟ್ಟಿಲ್ಲ, ಒಂದು ರೂಪಾಯಿನೂ ಕೊಟ್ಟಿಲ್ಲ. ಬೇಡ ಅಂತ ನೀವು ಹೇಳಿದ್ರೆ ಬಿಡೋಕೆ ಈಗ್ಲೂ ಆಗುತ್ತೆ. ಮಾಡೋದು ಬಿಡೋದು ನನ್ನ ಜವಾಬ್ದಾರಿ, ನಾಳೆ ನಿಮ್ಮ ಹೆಸರು ಹೇಳಲ್ಲ."

ಆಮೇಲೆ ಪೂರ್ತಿ ಲೆಕ್ಕ. ನಿವೇಶನದ ಬೆಲೆ ಮಾತ್ರವಲ್ಲ, ಈಗಾಗಲೇ ತೀರಿಸಬೇಕಾದ 4 ಲಕ್ಷ ಸಾಲ, ಮುಂದಿನ ವರ್ಷದ ಮಗಳ ನಿಕಾಹ್, ತಿಂಗಳ ಮನೆ ಖರ್ಚು, ಎಲ್ಲವನ್ನೂ. ಅರ್ಧ ಲೆಕ್ಕ ಕೊಟ್ಟವರಿಗೆ ಸಿಗುವ ಸಲಹೆಯೂ ಅರ್ಧ. ಹಾಗೆಯೇ, ನನಗಂತೂ ತುಂಬಾ ಮನಸ್ಸಿದೆ ಎಂಬ ಮಾತನ್ನು ಕೊನೆಯವರೆಗೂ ಆಡದಿದ್ದರೆ ಒಳ್ಳೆಯದು. ಅದನ್ನು ಕೇಳಿದ ಮೇಲೆ ಒಳ್ಳೆಯ ಗೆಳೆಯ ನಿಮ್ಮ ಮನಸ್ಸನ್ನೇ ಹುಡುಕಿ ಮಾತಾಡುತ್ತಾನೆ.

ಪ್ರಶ್ನೆಯ ರೂಪವೂ ಮುಖ್ಯ. "ಒಳ್ಳೇದಲ್ವಾ?" ಎಂದರೆ ಹೌದು ಎನ್ನುವುದೊಂದೇ ಸುಲಭ. ಅದರ ಬದಲು, "ಎರಡು ವರ್ಷದಲ್ಲಿ ಇದು ನಷ್ಟ ಆಯ್ತು ಅಂದ್ಕೊಳ್ಳಿ, ಯಾಕೆ ಆಗಿರುತ್ತೆ?" ಎಂದು ಕೇಳಿದರೆ, ಲೋಪ ಹೇಳುವುದೇ ಅವರು ಮಾಡಬೇಕಾದ ಉಪಕಾರವಾಗುತ್ತದೆ. ಆಗ ಇಪ್ಪತ್ತು ವರ್ಷದ ಅನುಭವ ಬಾಯಿಗೆ ಬರುತ್ತದೆ: "ಮಳೆಗಾಲದಲ್ಲಿ ನೆನೆಸಿದ ಭತ್ತ ಬಿಸಿಲಿಲ್ದೆ ಒಣಗಲ್ಲ. ಕೆಲಸ ನಿಂತರೂ ಬಾಡಿಗೆ ನಿಲ್ಲಲ್ಲ. ಆ ತಿಂಗಳುಗಳಿಗೆ ಕೈಯಲ್ಲಿ ದುಡ್ಡು ಇಟ್ಟಿದೀರಾ? ಪಾಲಿನ ಪತ್ರ ಬರೆದುಕೊಡ್ತಾರಾ, ಬರೀ ಬಾಯಿಮಾತಾ?" ಇವು 18 ಲಕ್ಷದ ಮಾತುಗಳು. ಮಸೀದಿ ಮೆಟ್ಟಿಲಲ್ಲಿ ಇವು ಹೊರಬರುತ್ತಿರಲಿಲ್ಲ.

ಈ ಹೊತ್ತಿನಲ್ಲಿ ವಾದಿಸಬಾರದು. "ಇಲ್ಲ ಭಾಯಿ, ಅದಕ್ಕೂ ದಾರಿ ಇದೆ" ಎಂದು ಪ್ರತಿ ಮಾತಿಗೂ ಉತ್ತರ ಕೊಟ್ಟರೆ ಮೂರನೇ ಮಾತಿಗೆ ಗೆಳೆಯರು ಸುಮ್ಮನಾಗುತ್ತಾರೆ. ಬರೆದುಕೊಳ್ಳಿ, ಇನ್ನೇನಾದರೂ ಇದೆಯೇ ಎಂದು ಕೇಳಿ. ತಕ್ಷಣ ಉತ್ತರ ಬೇಕಿಲ್ಲ, ಮುಂದಿನ ಜುಮಾದೊಳಗೆ ಹೇಳಿ ಎಂದು ಸಮಯವನ್ನೂ ಕೊಡಿ. ಇನ್ನು ಪಾಲು ಮಾರುವವರ ಸಂಬಂಧಿಕರು, ಕಮಿಷನ್ ಸಿಗುವ ದಲ್ಲಾಳಿ, ಇವರು ಎಷ್ಟೇ ಆಪ್ತರಾದರೂ ಈ ಪ್ರಶ್ನೆಗೆ ಸರಿಯಾದ ವ್ಯಕ್ತಿಗಳಲ್ಲ.

ಗೆಳೆಯರ ಕಡೆಯೂ ಒಂದು ಹೊಣೆ ಇದೆ. ಸಲಹೆ ಕೇಳಲ್ಪಟ್ಟವನು ಅಮಾನತು ಹೊತ್ತವನು ಎಂದು ಹದೀಸ್ ಕಲಿಸುತ್ತದೆ. ಆ 4 ಲಕ್ಷ ಸಾಲದ ವಿಷಯ ಅವರ ಮನೆಯಾಚೆ ಹೋಗಬಾರದು. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಎರಡು ವಿವಾಹ ಪ್ರಸ್ತಾಪಗಳ ಬಗ್ಗೆ ಕೇಳಿದಾಗ ಪ್ರವಾದಿವರ್ಯರು(ಸ) ಇಬ್ಬರಲ್ಲೂ ಇದ್ದ ತೊಡಕನ್ನು ಮುಚ್ಚಿಡದೆ ಹೇಳಿ, ಉಸಾಮಾ(ರ)ರನ್ನು ಸೂಚಿಸಿದರು. ಕೇಳಿದವರಿಗೆ ಅಗತ್ಯವಿದ್ದಷ್ಟನ್ನು ಹೇಳುವುದು ಗೀಬತ್ ಅಲ್ಲ ಎಂದು ವಿದ್ವಾಂಸರು ಇದರಿಂದಲೇ ಹೇಳುತ್ತಾರೆ.

ಇನ್ನು ಸಲಹೆ ತಪ್ಪಾದರೆ? ಉಹುದ್ ಯುದ್ಧಕ್ಕೆ ಮುಂಚೆ ಮದೀನಾದೊಳಗೇ ನಿಂತು ಕಾದಾಡುವುದು ಪ್ರವಾದಿವರ್ಯರ(ಸ) ಒಲವಾಗಿತ್ತು. ಬದ್ರ್‌ನಲ್ಲಿ ಭಾಗವಹಿಸಲಾಗದ ಹಲವರು ಹೊರಗೆ ಹೋಗೋಣ ಎಂದರು, ಅವರು ಒಪ್ಪಿ ಹೊರಟರು. ಸುಮಾರು 70 ಮಂದಿ ಹುತಾತ್ಮರಾದರು. ಆ ಯುದ್ಧದ ಹಿನ್ನೆಲೆಯಲ್ಲಿ ಅವತೀರ್ಣವಾದ ಆಲಿ ಇಮ್ರಾನ್ ಅಧ್ಯಾಯದ 159ನೇ ಸೂಕ್ತ, ಅವರನ್ನು ಕ್ಷಮಿಸಲು, ಅವರಿಗಾಗಿ ಪ್ರಾರ್ಥಿಸಲು, ಅವರೊಡನೆ ಸಮಾಲೋಚಿಸುತ್ತಲೇ ಇರಲು ಆದೇಶಿಸುತ್ತದೆ. ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬ ಮಾತು ಅದರ ನಂತರ ಬರುತ್ತದೆ.

ಹರಿಹರದ ಸಹೋದರರು ಕೊನೆಗೆ ಪಾಲು ಹಾಕಲೂಬಹುದು, ಬಿಡಲೂಬಹುದು. ಹಾಕುವುದಾದರೆ ಅಗ್ರಿಮೆಂಟ್ ದಿನಕ್ಕೆ ಮುಂಚೆ ಗೆಳೆಯರಿಗೆ ತಾವೇ ಫೋನ್ ಮಾಡಿ ತಿಳಿಸಲಿ: "ಭಾಯಿ, ನೀವು ಹೇಳಿದ ಮಳೆಗಾಲದ ದುಡ್ಡು ತೆಗೆದಿಟ್ಟಿದೀನಿ, ಪತ್ರಾನೂ ಬರೆಸಿದೀನಿ. ಉಳಿದದ್ದರಲ್ಲಿ ನಿಮ್ಮ ಮಾತು ಮೀರ್ತಿದೀನಿ." ಬೇರೆಯವರ ಬಾಯಿಂದ ಆ ಸುದ್ದಿ ತಲುಪಿದರೆ, ಮುಂದಿನ ಬಾರಿ ಕೇಳಿದಾಗ ಆ ಮನೆಯಲ್ಲಿ ಚಹಾ ಸಿಗುತ್ತದೆ, ದುಆ ಸಿಗುತ್ತದೆ, ಅಭಿಪ್ರಾಯ ಸಿಗುವುದಿಲ್ಲ.